ಬಿಲ್ ಹಾಕುವಾಗ ಕೇಳಬೇಕಾದ ಒಂದೇ ಪ್ರಶ್ನೆ

ಜಾಹೀರಾತಿಗೆ ತಿಂಗಳಿಗೆ ಎಷ್ಟು ಖರ್ಚು ಮಾಡ್ತೀರಿ? ನಿಮ್ಮೂರಿನ ಯಾವ ಅಂಗಡಿ ಮಾಲೀಕರನ್ನ ಬೇಕಾದರೂ ಕೇಳಿ ನೋಡಿ, ಥಟ್ಟನೆ ಉತ್ತರ ಬರುತ್ತೆ. ಪೇಪರ್ ಒಳಗೆ ಹಾಕಿಸೋ ಪಾಂಪ್ಲೆಟ್‌ಗೆ ಇಷ್ಟು, ಆಟೋ ಹಿಂದಿನ ಪೋಸ್ಟರ್‌ಗೆ ಇಷ್ಟು, ಕೇಬಲ್ ಚಾನೆಲ್‌ನಲ್ಲಿ ಕೆಳಗೆ ಓಡೋ ಸಾಲಿಗೆ ಇಷ್ಟು, ಇನ್‌ಸ್ಟಾಗ್ರಾಮ್‌ಗೆ ಇಷ್ಟು. ಎಲ್ಲಕ್ಕೂ ರಸೀದಿ ಇರುತ್ತೆ. ಈಗ ಎರಡನೇ ಪ್ರಶ್ನೆ ಕೇಳಿ. ಈ ನಾಲ್ಕರಲ್ಲಿ ಯಾವುದನ್ನ ನೋಡಿ ಎಷ್ಟು ಜನ ಗಿರಾಕಿ ಬಂದರು? ಉತ್ತರ ಇಲ್ಲ. "ಏನೋ ಸಾರ್, ಎಲ್ಲ ಸೇರಿ ವ್ಯಾಪಾರ ಆಗ್ತಿದೆ" ಅಂತಾರೆ.

ಹೋದ ದುಡ್ಡಿಗೆ ರಸೀದಿ ಇದೆ, ಬಂದ ಗಿರಾಕಿಗೆ ಲೆಕ್ಕ ಇಲ್ಲ. ಆ ಲೆಕ್ಕ ಇಡೋದಕ್ಕೆ ಸಾಫ್ಟ್‌ವೇರ್ ಬೇಡ, ಏಜೆನ್ಸಿ ಬೇಡ. ಬಿಲ್ ಹಾಕೋ ಹುಡುಗ ಒಂದೇ ಒಂದು ಪ್ರಶ್ನೆ ಕೇಳಿ, ಉತ್ತರವನ್ನ ಒಂದು ಅಂಕಿಯಲ್ಲಿ ಬರೆದುಕೊಂಡರೆ ಸಾಕು. ಆದರೆ ಆ ಪ್ರಶ್ನೆಯನ್ನ ಹೇಗೆ ಕೇಳಬೇಕು, ಹೇಗೆ ಬರೆಯಬೇಕು, ಬಂದ ಅಂಕಿಯನ್ನ ಎಷ್ಟರ ಮಟ್ಟಿಗೆ ನಂಬಬೇಕು ಅನ್ನೋದರಲ್ಲೇ ಎಲ್ಲ ಇದೆ. ತಪ್ಪು ಲೆಕ್ಕ ಇಟ್ಟವನು ಲೆಕ್ಕವೇ ಇಡದವನಿಗಿಂತ ಬೇಗ ಕೈ ಸುಟ್ಟುಕೊಳ್ತಾನೆ. ಯಾಕಂದ್ರೆ ಅವನು ಗಿರಾಕಿ ತರ್ತಾ ಇದ್ದ ಜಾಹೀರಾತನ್ನೇ ಧೈರ್ಯವಾಗಿ ನಿಲ್ಲಿಸಿಬಿಡ್ತಾನೆ.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ನಾನು ಕೆಲಸ ಮಾಡೋದು ಟಿವಿಯಲ್ಲಿ. ನನ್ನ ಸಂಬಳ ಬರೋದೇ ಜಾಹೀರಾತಿನಿಂದ. ಟಿವಿಯವರು ಜಾಹೀರಾತುದಾರರಿಗೆ ತೋರಿಸೋದು ಬಾರ್ಕ್ ಸಂಸ್ಥೆಯ ಅಂಕಿ. ಆಯ್ದ ಕೆಲವು ಮನೆಗಳಲ್ಲಿ ಮೀಟರ್ ಇಟ್ಟು, ಯಾವ ಹೊತ್ತಲ್ಲಿ ಯಾವ ಚಾನೆಲ್ ನೋಡಿದರು ಅಂತ ಅಳೀತಾರೆ. ಅದು ಎಷ್ಟು ಜನ ಟಿವಿ ನೋಡಿದರು ಅನ್ನೋ ಲೆಕ್ಕ. ನೋಡಿದವರಲ್ಲಿ ಎಷ್ಟು ಜನ ನಿಮ್ಮ ಅಂಗಡಿ ಮೆಟ್ಟಿಲು ಹತ್ತಿದರು ಅನ್ನೋದು ಆ ಮೀಟರ್‌ಗೆ ಗೊತ್ತಿಲ್ಲ. ಇನ್‌ಸ್ಟಾಗ್ರಾಮ್‌ನ 'ರೀಚ್' ಕೂಡ ಅಷ್ಟೇ, ಪತ್ರಿಕೆಯ ಪ್ರಸಾರ ಸಂಖ್ಯೆ ಕೂಡ ಅಷ್ಟೇ. ಮಾರುವವನು ತನ್ನ ಕಡೆಯ ಅಂಕಿ ತೋರಿಸ್ತಾನೆ. ಕೊಳ್ಳುವವನು ತನ್ನ ಕಡೆಯ ಅಂಕಿಯನ್ನ ತಾನೇ ಇಟ್ಟುಕೊಳ್ಳಬೇಕು.

ಇದೇನು ಹೊಸ ವಿಚಾರ ಅಲ್ಲ. ನೂರು ವರ್ಷದ ಹಿಂದೆ ಅಮೆರಿಕದಲ್ಲಿ ಅಂಚೆ ಮೂಲಕ ಸಾಮಾನು ಮಾರುವವರು ಪತ್ರಿಕೆಯ ಜಾಹೀರಾತಿನ ಮೂಲೆಯಲ್ಲಿ ಒಂದು ಕೂಪನ್ ಅಚ್ಚು ಹಾಕಿಸ್ತಿದ್ದರು. ಒಂದೊಂದು ಪತ್ರಿಕೆಯ ಕೂಪನ್‌ಗೆ ಒಂದೊಂದು ಗುರುತು. ಗಿರಾಕಿ ಕೂಪನ್ ಕತ್ತರಿಸಿ ಕಳಿಸಿದರೆ ಸಾಕು, ಯಾವ ಪತ್ರಿಕೆ ನೋಡಿ ಬಂದ ಅಂತ ಗೊತ್ತಾಗ್ತಿತ್ತು. ಕ್ಲಾಡ್ ಹಾಪ್ಕಿನ್ಸ್ ಅನ್ನೋ ಜಾಹೀರಾತು ಬರಹಗಾರ 1923ರಲ್ಲಿ 'ಸೈಂಟಿಫಿಕ್ ಅಡ್ವರ್ಟೈಸಿಂಗ್' ಅಂತ ಒಂದು ಪುಸ್ತಕವನ್ನೇ ಬರೆದ. ಅದರ ತಿರುಳು ಇಷ್ಟೇ: ಊಹೆ ಬಿಡಿ, ಬಂದ ಕೂಪನ್ ಎಣಿಸಿ.

ಆದರೆ ನಮ್ಮ ಅಂಗಡಿಗೆ ಗಿರಾಕಿ ಅಂಚೆಯಲ್ಲಿ ಬರಲ್ಲ, ನಡೆದುಕೊಂಡು ಬರ್ತಾನೆ. ಪಾಂಪ್ಲೆಟ್ ತಂದರೆ ನೂರು ರೂಪಾಯಿ ಕಡಿಮೆ ಅಂತ ಹಾಕಿದರೆ ಎರಡು ಎಡವಟ್ಟಾಗುತ್ತೆ. ಅದನ್ನ ನೋಡಿಯೇ ಬಂದವನು ಚೀಟಿಯನ್ನ ಮನೆಯಲ್ಲೇ ಮರೆತು ಬಂದಿರ್ತಾನೆ, ಅವನು ಲೆಕ್ಕಕ್ಕೆ ಸಿಗಲ್ಲ. ಹೇಗೂ ಬರ್ತಾ ಇದ್ದವನು ರಿಯಾಯಿತಿ ಸಿಗುತ್ತಲ್ಲ ಅಂತ ಪಕ್ಕದ ಮನೆಯ ಚೀಟಿ ತಂದಿರ್ತಾನೆ, ಅವನು ಲೆಕ್ಕಕ್ಕೆ ಸೇರಿಬಿಡ್ತಾನೆ. ಹಾಗಾಗಿ ಕೂಪನ್ ಬದಲು ಬಾಯಿಬಿಟ್ಟು ಕೇಳೋದೇ ಸರಿ.

ಏನಂತ ಕೇಳಬೇಕು? ಸಾಮಾನ್ಯವಾಗಿ ಬಾಯಿಗೆ ಬರೋ ಪ್ರಶ್ನೆ, "ನಮ್ಮ ಅಂಗಡಿಗೇ ಯಾಕೆ ಬಂದ್ರಿ ಸಾರ್?" ಇದು ಕೇಳಬಾರದ ಪ್ರಶ್ನೆ. 'ಯಾಕೆ' ಅಂದ ಕೂಡಲೇ ಮನುಷ್ಯ ಕಾರಣ ಹುಡುಕೋಕೆ ಶುರು ಮಾಡ್ತಾನೆ. ನಿಜವಾದ ಕಾರಣ ಅವನಿಗೇ ಗೊತ್ತಿರಲ್ಲ. ರಿಚರ್ಡ್ ನಿಸ್ಬೆಟ್, ಟಿಮೊತಿ ವಿಲ್ಸನ್ ಅನ್ನೋ ಇಬ್ಬರು ಮನಶ್ಶಾಸ್ತ್ರಜ್ಞರು 1977ರ ತಮ್ಮ ಪ್ರಬಂಧದಲ್ಲಿ ಅಮೆರಿಕದ ಅಂಗಡಿಯೊಂದರ ಪ್ರಯೋಗ ವಿವರಿಸಿದ್ದಾರೆ. ಮೇಜಿನ ಮೇಲೆ ನಾಲ್ಕು ಜೊತೆ ನೈಲಾನ್ ಕಾಲುಚೀಲ ಇಟ್ಟು, ಯಾವುದು ಚೆನ್ನಾಗಿದೆ ಅಂತ ಬಂದವರನ್ನ ಕೇಳಿದರು. ನಾಲ್ಕೂ ಒಂದೇ ಥರದ್ದು. ಆದರೂ ಎಡತುದಿಯ ಜೊತೆಗಿಂತ ಬಲತುದಿಯ ಜೊತೆಯನ್ನ ಸುಮಾರು ನಾಲ್ಕು ಪಟ್ಟು ಜನ ಆರಿಸಿದರು. ಯಾಕೆ ಅಂತ ಕೇಳಿದರೆ ಏನೇನೋ ಕಾರಣ ಹೇಳಿದರು. ಬಲತುದಿಯಲ್ಲಿ ಇತ್ತು, ಅದಕ್ಕೇ ಅಂತ ತಾನಾಗಿ ಹೇಳಿದವರು ಒಬ್ಬರೂ ಇಲ್ಲ.

ಹಾಗಾಗಿ ಕಾರಣ ಕೇಳಬೇಡಿ, ನಡೆದಿದ್ದನ್ನ ಕೇಳಿ. "ನಮ್ಮ ಅಂಗಡಿ ವಿಷಯ ನಿಮಗೆ ಮೊದಲು ಎಲ್ಲಿ ಗೊತ್ತಾಯ್ತು?" ಅಷ್ಟೇ. ಎಲ್ಲಿ ಅನ್ನೋದು ನೆನಪಿನ ಪ್ರಶ್ನೆ, ಅಭಿಪ್ರಾಯದ ಪ್ರಶ್ನೆ ಅಲ್ಲ. "ಪೇಪರ್‌ನಲ್ಲಿ ನೋಡಿ ಬಂದ್ರಾ?" ಅಂತಲೂ ಕೇಳಬಾರದು. ಚಿಲ್ಲರೆಗೆ ಕಾಯ್ತಾ ನಿಂತವನು "ಹ್ಞೂಂ" ಅಂದು ಮುಗಿಸಿಬಿಡ್ತಾನೆ. ಪಟ್ಟಿ ಮಾಡಿ ಕೌಂಟರ್ ಮೇಲೆ ಅಂಟಿಸಿ, "ಇದರಲ್ಲಿ ಯಾವುದು ಹೇಳಿ" ಅನ್ನೋದೂ ಬೇಡ, ಕಣ್ಣಿಗೆ ಮೊದಲು ಬಿದ್ದಿದ್ದರ ಮೇಲೆ ಬೆರಳಿಡ್ತಾರೆ. ಪಟ್ಟಿ ಇರಬೇಕಾದ್ದು ಬಿಲ್ ಹಾಕೋನ ಕಡೆ. ಗಿರಾಕಿ ತನ್ನ ಮಾತಲ್ಲಿ ಹೇಳಲಿ, ಇವನು ಅದಕ್ಕೆ ಹೊಂದುವ ಅಂಕಿ ಬರೆದುಕೊಳ್ಳಲಿ. ಒಮ್ಮೆ ಶುರು ಮಾಡಿದ ಮೇಲೆ ಪ್ರಶ್ನೆಯ ಒಂದು ಪದವನ್ನೂ ಬದಲಾಯಿಸಬೇಡಿ. ಈ ತಿಂಗಳು "ಮೊದಲು ಎಲ್ಲಿ ಗೊತ್ತಾಯ್ತು", ಮುಂದಿನ ತಿಂಗಳು "ಈಗ ಏನು ನೋಡಿ ಬಂದ್ರಿ" ಅಂದರೆ, ಎರಡು ತಿಂಗಳ ಲೆಕ್ಕವನ್ನ ಪಕ್ಕಪಕ್ಕ ಇಡೋಕೆ ಬರಲ್ಲ.

ಈ ಪ್ರಶ್ನೆ ಹೊಸ ಗಿರಾಕಿಗೆ ಮಾತ್ರ. ಹತ್ತು ವರ್ಷದಿಂದ ಬರ್ತಾ ಇರೋ ಯಜಮಾನರನ್ನ ಕೇಳಿದರೆ, "ಏನಪ್ಪಾ, ನನ್ನ ಗುರುತೇ ಸಿಗಲಿಲ್ವಾ?" ಅಂತ ಬೇಜಾರು ಮಾಡ್ಕೊಳ್ತಾರೆ. ಹಳಬರಿಗೆ 'ಹಳೆ' ಅಂತ ಗುರುತು ಹಾಕಿದರೆ ಮುಗೀತು. ಮೊಬೈಲ್ ನಂಬರ್ ಇದಕ್ಕೆ ಬೇಕಾಗೇ ಇಲ್ಲ. ನಂಬರ್ ಕೊಡದಿದ್ದರೆ ಬಿಲ್ ಇಲ್ಲ ಅಂತ ಹಟ ಹಿಡಿಯಬಾರದು ಅಂತ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲೇ ಅಂಗಡಿಗಳಿಗೆ ಸೂಚನೆ ಕೊಟ್ಟಿದೆ. ನಂಬರ್ ಕೇಳಿದರೆ ಮುಖ ಗಂಟಿಕ್ಕೋ ಗಿರಾಕಿ, ಎಲ್ಲಿ ಗೊತ್ತಾಯ್ತು ಅಂತ ಕೇಳಿದರೆ ಮಾತಾಡ್ತಾನೆ.

ಈಗ ಒಂದು ಲೆಕ್ಕ ಮಾಡೋಣ. ದಾವಣಗೆರೆಯಲ್ಲಿ ಒಂದು ಕನ್ನಡಕದ ಅಂಗಡಿ ಇದೆ ಅಂತ ಇಟ್ಟುಕೊಳ್ಳಿ. ಅಂಗಡಿ ಕಾಲ್ಪನಿಕ, ಅಂಕಿಗಳು ನಾನು ಲೆಕ್ಕಕ್ಕೆ ಇಟ್ಟುಕೊಂಡವು. ಕನ್ನಡಕದ ಅಂಗಡಿಯನ್ನೇ ಯಾಕೆ ತಗೊಂಡೆ ಅಂದರೆ, ಅಲ್ಲಿ ಬಿಲ್ ಹಾಕದೆ ಯಾರನ್ನೂ ಕಳಿಸಲ್ಲ, ದಿನಸಿ ಅಂಗಡಿಯ ನೂಕುನುಗ್ಗಲು ಇರಲ್ಲ, ಒಬ್ಬ ಗಿರಾಕಿಗೆ ಐದು ನಿಮಿಷ ಸಿಗುತ್ತೆ.

ತಿಂಗಳ ಜಾಹೀರಾತು ಖರ್ಚು 35,000 ರೂಪಾಯಿ. ಪಾಂಪ್ಲೆಟ್‌ಗೆ 12,000, ಇನ್‌ಸ್ಟಾಗ್ರಾಮ್‌ಗೆ 9,000, ನಲವತ್ತು ಆಟೋಗಳ ಹಿಂದೆ ಪೋಸ್ಟರ್‌ಗೆ 8,000, ಕೇಬಲ್ ಚಾನೆಲ್‌ಗೆ 6,000. ಈ ದುಡ್ಡಲ್ಲಿ ಅಂಗಡಿಗೆ ಇನ್ನೊಬ್ಬ ಕೆಲಸಗಾರನನ್ನ ಇಟ್ಟುಕೊಳ್ಳಬಹುದು. ಹಾಗಾಗಿ ಇದು ಸಣ್ಣ ದುಡ್ಡಲ್ಲ.

ಮಾಲೀಕರು ಕೌಂಟರ್‌ನಲ್ಲಿ ಅಂಕಿ ಪಟ್ಟಿ ಇಡ್ತಾರೆ. 1 ಅಂದರೆ ಬೋರ್ಡ್ ನೋಡಿ ಬಂದವರು, 2 ಪರಿಚಯದವರು ಹೇಳಿ ಬಂದವರು, 3 ಕಣ್ಣಾಸ್ಪತ್ರೆ ಕಡೆಯಿಂದ ಬಂದವರು, 4 ಪಾಂಪ್ಲೆಟ್, 5 ಆಟೋ, 6 ಕೇಬಲ್, 7 ಇನ್‌ಸ್ಟಾಗ್ರಾಮ್, 8 ಗೂಗಲ್, 9 ಬೇರೆ ಅಥವಾ ನೆನಪಿಲ್ಲ. ಇವಲ್ಲದೆ 0 ಅಂತ ಒಂದು ಇದೆ. ಅದರ ಅರ್ಥ 'ಕೇಳೋಕೆ ಆಗಲಿಲ್ಲ'. ಈ ಸೊನ್ನೆ ಬಹಳ ಮುಖ್ಯ. ಸೊನ್ನೆ ಬರೆಯೋಕೆ ಅವಕಾಶ ಕೊಡದಿದ್ದರೆ, ಹುಡುಗ ಕೇಳದೇ ಇದ್ದ ಕಡೆಯೂ ಯಾವುದೋ ಒಂದು ಅಂಕಿ ತುಂಬಿಬಿಡ್ತಾನೆ. 9ರಲ್ಲಿ ಬಂದಿದ್ದಕ್ಕೆ ಪಕ್ಕದಲ್ಲಿ ಒಂದು ಪದ ಬರೆಯಬೇಕು, ಅದು ಮುಂದೆ ಕೆಲಸಕ್ಕೆ ಬರುತ್ತೆ.

ಗೋಡೆ ಮೇಲೆ ಒಂದು ಹಾಳೆ ಅಂಟಿಸಿ ಗೆರೆ ಎಳೆಯೋದೂ ಒಂದು ದಾರಿ. ನಾಲ್ಕು ಗೆರೆ ನೆಟ್ಟಗೆ, ಐದನೆಯದು ಅಡ್ಡ. ಆದರೆ ಅದರಲ್ಲಿ ಎಷ್ಟು ಜನ ಅಂತ ಮಾತ್ರ ಗೊತ್ತಾಗುತ್ತೆ, ಎಷ್ಟು ದುಡ್ಡು ಅಂತ ಗೊತ್ತಾಗಲ್ಲ. ಹಾಗಾಗಿ ಅಂಕಿಯನ್ನ ಬಿಲ್‌ನ ಅಂಗಡಿ ಪ್ರತಿಯ ಮೇಲೆಯೇ ಬರೆಯಿರಿ. ರಾತ್ರಿ ಅದನ್ನ ಎಕ್ಸೆಲ್‌ಗೆ ಏರಿಸಿ. ಐದು ಕಾಲಂ ಸಾಕು: A ದಿನಾಂಕ, B ಬಿಲ್ ನಂಬರ್, C ಹೊಸಬರಾದರೆ N ಹಳಬರಾದರೆ O, D ಉತ್ತರದ ಅಂಕಿ, E ಬಿಲ್ ಮೊತ್ತ. ಪಾಂಪ್ಲೆಟ್ ನೋಡಿ ಬಂದ ಹೊಸಬರು ಎಷ್ಟು, ಅವರಿಂದ ಆದ ವ್ಯಾಪಾರ ಎಷ್ಟು ಅಂತ ತಿಳಿಯೋಕೆ ಎರಡು ಸಾಲು:

```
=COUNTIFS(C:C,"N",D:D,4)
=SUMIFS(E:E,C:C,"N",D:D,4)
```

ಕೊನೆಯ 4ರ ಜಾಗದಲ್ಲಿ 7 ಹಾಕಿದರೆ ಇನ್‌ಸ್ಟಾಗ್ರಾಮ್‌ನ ಲೆಕ್ಕ, 5 ಹಾಕಿದರೆ ಆಟೋ ಲೆಕ್ಕ.

ಮೊದಲ ತಿಂಗಳು ಮುಗೀತು. ಹೊಸ ಗಿರಾಕಿಗಳು 270. ಅದರಲ್ಲಿ 40 ಸೊನ್ನೆ, ಅಂದರೆ ಉತ್ತರ ಸಿಕ್ಕಿದ್ದು 230. ಪರಿಚಯದವರು ಹೇಳಿ ಬಂದವರು 71, ಬೋರ್ಡ್ ನೋಡಿ ಬಂದವರು 62, ಕಣ್ಣಾಸ್ಪತ್ರೆ ಕಡೆಯಿಂದ 30, ಗೂಗಲ್ 21, ಬೇರೆ ಮತ್ತು ನೆನಪಿಲ್ಲ 12. ಇನ್ನು ದುಡ್ಡು ಕೊಟ್ಟು ಹಾಕಿಸಿದ ಜಾಹೀರಾತಿಗೆ ಬನ್ನಿ. ಇನ್‌ಸ್ಟಾಗ್ರಾಮ್ 18, ಪಾಂಪ್ಲೆಟ್ 9, ಆಟೋ 4, ಕೇಬಲ್ 3.

ಮಾಲೀಕರು ಕ್ಯಾಲ್ಕುಲೇಟರ್ ತಗೊಳ್ತಾರೆ. ಇನ್‌ಸ್ಟಾಗ್ರಾಮ್‌ಗೆ 9,000 ಹಾಕಿದ್ದಕ್ಕೆ 18 ಜನ, ಅಂದರೆ ಒಬ್ಬ ಗಿರಾಕಿಗೆ 500 ರೂಪಾಯಿ. ಪಾಂಪ್ಲೆಟ್‌ಗೆ 12,000ಕ್ಕೆ 9 ಜನ, ಒಬ್ಬರಿಗೆ 1,333 ರೂಪಾಯಿ. "ಪಾಂಪ್ಲೆಟ್ ಬಂದ್ ಮಾಡು, ಎಲ್ಲ ಇನ್‌ಸ್ಟಾಗ್ರಾಮ್‌ಗೆ ಹಾಕು" ಅಂತ ಯಾರಾದರೂ ಹೇಳ್ತಾರೆ. ಹೆಚ್ಚಿನವರು ಇಲ್ಲೇ ಎಡವೋದು. ತಲೆ ಎಣಿಸಿದರು, ಬಿಲ್ ನೋಡಲಿಲ್ಲ.

ಬಿಲ್ ಮೊತ್ತ ನೋಡಿದರೆ ಕಥೆಯೇ ಬೇರೆ. ಇನ್‌ಸ್ಟಾಗ್ರಾಮ್ ನೋಡಿ ಬಂದವರು ಕಾಲೇಜು ಹುಡುಗರು, ತಂಪು ಕನ್ನಡಕ, ಕಡಿಮೆ ಬೆಲೆಯ ಫ್ರೇಮ್. ಅವರ ಸರಾಸರಿ ಬಿಲ್ 1,100 ರೂಪಾಯಿ. ಪಾಂಪ್ಲೆಟ್ ನೋಡಿ ಬಂದವರು ಮನೆಗೆ ಪೇಪರ್ ತರಿಸೋರು, ನಲವತ್ತು ದಾಟಿದವರು, ಚಾಳೀಸು ಬಂದವರು. ದೂರಕ್ಕೂ ಓದೋಕೂ ಒಂದೇ ಗಾಜು ಬೇಕು ಅಂತ ಪ್ರೋಗ್ರೆಸಿವ್ ಲೆನ್ಸ್ ಹಾಕಿಸೋರು. ಅವರ ಸರಾಸರಿ ಬಿಲ್ 3,400. ಲೆನ್ಸ್, ಫ್ರೇಮ್, ಫಿಟ್ಟಿಂಗ್ ಖರ್ಚು ಕಳೆದು ಬಿಲ್‌ನಲ್ಲಿ ಅಂಗಡಿಗೆ ನೂರಕ್ಕೆ 45 ಉಳಿಯುತ್ತೆ ಅಂತ ಇಟ್ಟುಕೊಳ್ಳಿ. ಪಾಂಪ್ಲೆಟ್‌ನ 9 ಜನರಿಂದ 30,600 ವ್ಯಾಪಾರ, ಉಳಿದದ್ದು 13,770, ಜಾಹೀರಾತಿನ 12,000 ಕಳೆದರೆ 1,770 ಲಾಭ. ಇನ್‌ಸ್ಟಾಗ್ರಾಮ್‌ನ 18 ಜನರಿಂದ 19,800 ವ್ಯಾಪಾರ, ಉಳಿದದ್ದು 8,910, ಅದರಲ್ಲಿ 9,000 ಕಳೆದರೆ 90 ರೂಪಾಯಿ ನಷ್ಟ. ಎರಡು ಪಟ್ಟು ಜನರನ್ನ ತಂದಿದ್ದೇ ನಷ್ಟದಲ್ಲಿದೆ!

ಹಾಗಾದರೆ ಇನ್‌ಸ್ಟಾಗ್ರಾಮ್ ನಿಲ್ಲಿಸೋದಾ? ಅವಸರ ಬೇಡ. ಒಂಬತ್ತು ಜನ ಅನ್ನೋದು ತೀರಾ ಸಣ್ಣ ಅಂಕಿ. ಇಬ್ಬರು ಆ ತಿಂಗಳು ಬರದೇ ಹೋಗಿದ್ದರೆ ಪಾಂಪ್ಲೆಟ್‌ನ ಲಾಭ ನಷ್ಟ ಆಗಿರ್ತಿತ್ತು. ಇಂಜಿನಿಯರಿಂಗ್‌ನಲ್ಲಿ ನಮಗೆ ಕಲಿಸಿದ ಒಂದು ಸುಲಭ ಅಂದಾಜು ಇಲ್ಲಿ ಉಪಯೋಗಕ್ಕೆ ಬರುತ್ತೆ. ಯಾವ ಎಣಿಕೆಯೇ ಆಗಲಿ, ಅದರ ವರ್ಗಮೂಲ ತೆಗೆದು ಎರಡರಿಂದ ಗುಣಿಸಿ. ಬರೀ ಅದೃಷ್ಟದಿಂದಲೇ ಆ ಎಣಿಕೆ ಅಷ್ಟು ಆಚೆ ಈಚೆ ಹೋಗಬಹುದು. ಒಂಬತ್ತರ ವರ್ಗಮೂಲ ಮೂರು, ಅದರ ಎರಡರಷ್ಟು ಆರು. ಅಂದರೆ ಜಾಹೀರಾತು ಅದೇ ಇದ್ದರೂ ಒಂದು ತಿಂಗಳು ಮೂವರು ಬರಬಹುದು, ಇನ್ನೊಂದು ತಿಂಗಳು ಹದಿನೈದು ಜನ ಬರಬಹುದು. ಎಣಿಕೆ ನೂರಾದರೆ ಈ ಏರಿಳಿತ ಇಪ್ಪತ್ತು ಮಾತ್ರ. ಆಟೋ 4, ಕೇಬಲ್ 3 ಅಂತ ಇದೆಯಲ್ಲ, ಅದನ್ನ ನೋಡಿ ಆಟೋನೇ ವಾಸಿ ಅನ್ನೋದಕ್ಕೆ ಯಾವ ಆಧಾರವೂ ಇಲ್ಲ. ಹಾಗಾಗಿ ಕನಿಷ್ಠ ಮೂರು ತಿಂಗಳು ಕಾಯಬೇಕು, ಆ ಮೂರು ತಿಂಗಳು ಖರ್ಚನ್ನೂ ಬದಲಾಯಿಸಬಾರದು.

ಕಾಯೋ ಹೊತ್ತಲ್ಲಿ ಲೆಕ್ಕ ಎಲ್ಲಿ ಹಾಳಾಗುತ್ತೆ ಅಂತ ನೋಡಿಕೊಳ್ಳಬೇಕು. ಮೊದಲನೇ ಜಾಗ ಕೌಂಟರ್. ದಿನವಿಡೀ ಕೇಳದೆ, ರಾತ್ರಿ ಒಂಬತ್ತಕ್ಕೆ ಷಟರ್ ಎಳೆಯೋ ಮೊದಲು ಕೂತು ನೆನಪಿನಿಂದ ತುಂಬಿದರೆ, ಆ ಪುಸ್ತಕ ಇದ್ದೂ ಇಲ್ಲದ ಹಾಗೆ. ಕಂಡುಹಿಡಿಯೋದು ಕಷ್ಟ ಅಲ್ಲ. 2, 2, 2, 1, 1, 1, 2, 2 ಅಂತ ಒಂದೇ ಅಂಕಿ ಸಾಲುಸಾಲಾಗಿ ಬಂದಿರುತ್ತೆ. ಸೊನ್ನೆಯೇ ಇರಲ್ಲ. ಭಾನುವಾರ ಸಂಜೆಯ ರಶ್‌ನಲ್ಲೂ ಒಂದೂ ಸೊನ್ನೆ ಇಲ್ಲ ಅಂದರೆ ಅನುಮಾನ ಪಡಿ. ಇಬ್ಬರು ಪಾಳಿಯಲ್ಲಿ ಬಿಲ್ ಹಾಕ್ತಾರಾದರೆ ಇಬ್ಬರದ್ದನ್ನೂ ಬೇರೆ ಬೇರೆ ಕೂಡಿ. ಒಬ್ಬನಲ್ಲಿ ಪರಿಚಯದವರು ಹೇಳಿದ್ದು ನೂರಕ್ಕೆ 30, ಇನ್ನೊಬ್ಬನಲ್ಲಿ ನೂರಕ್ಕೆ 60 ಇದ್ದರೆ, ಗಿರಾಕಿ ಬದಲಾಗಿಲ್ಲ, ಕೇಳೋ ರೀತಿ ಬದಲಾಗಿದೆ. ಹುಡುಗನನ್ನ ಬೈಯೋಕೆ ಮೊದಲು ಒಂದು ಯೋಚನೆ ಮಾಡಿ. ಸೊನ್ನೆ ಬರೆದಾಗೆಲ್ಲ ನೀವು ರೇಗಿದರೆ ಅವನು ಸುಳ್ಳು ಅಂಕಿ ಬರೆಯೋದನ್ನ ಕಲೀತಾನೆ. ಇನ್ನೊಂದು, ಜಾಹೀರಾತು ಮಾರುವವನ ಕೈಗೆ ಈ ಪುಸ್ತಕ ಕೊಡಬೇಡಿ. ಎಷ್ಟು ಜನ ನಿಮ್ಮಿಂದ ಬಂದರೋ ಅಷ್ಟಕ್ಕೆ ಕಮಿಷನ್ ಅಂತ ಒಪ್ಪಂದ ಮಾಡಿಕೊಂಡು, ಎಣಿಸೋದನ್ನೂ ಅವರಿಗೇ ಬಿಟ್ಟರೆ ಫಲಿತಾಂಶ ಮೊದಲೇ ಗೊತ್ತಿರುತ್ತೆ.

ಎರಡನೇ ಜಾಗ ಗೂಗಲ್. "ಗೂಗಲ್‌ನಲ್ಲಿ ನೋಡಿ ಬಂದೆ" ಅನ್ನೋರು ಹಲವರು ನಿಜವಾಗಿ ಅಲ್ಲಿಂದ ಬಂದವರಲ್ಲ. ಅತ್ತಿಗೆ ಹೇಳಿರ್ತಾರೆ, ಇವರು ದಾರಿ ನೋಡೋಕೆ ಮ್ಯಾಪ್ ತೆಗೆದಿರ್ತಾರೆ. ಕೊನೆಗೆ ನೋಡಿದ್ದು ನೆನಪಲ್ಲಿ ಉಳಿಯುತ್ತೆ, ಮೊದಲು ಕೇಳಿದ್ದು ಮರೆತುಹೋಗುತ್ತೆ. ಹಾಗಾಗಿ ಗೂಗಲ್ ಅಂದವರಿಗೆ ಮಾತ್ರ ಒಂದು ಮರುಪ್ರಶ್ನೆ: "ಅಂಗಡಿ ಹೆಸರು ಹಾಕಿ ಹುಡುಕಿದ್ರಾ, ಕನ್ನಡಕದ ಅಂಗಡಿ ಅಂತ ಹುಡುಕಿದ್ರಾ?" ಹೆಸರು ಹಾಕಿದ್ದರೆ ಅವರಿಗೆ ಹೆಸರು ಮೊದಲೇ ಗೊತ್ತಿತ್ತು ಅಂತ ಅರ್ಥ. ಹೆಸರು ಎಲ್ಲಿ ಕೇಳಿದ್ರಿ ಅಂದರೆ ನಿಜವಾದ ಉತ್ತರ ಬರುತ್ತೆ.

ಮೂರನೇದು ಗಿರಾಕಿಯ ನೆನಪೇ. ಜನ ಸುಳ್ಳು ಹೇಳಲ್ಲ, ಆದರೆ ತಪ್ಪು ನೆನಪು ಹೇಳ್ತಾರೆ. ಎಷ್ಟು ತಪ್ಪು ಅಂತ ಅಳೆಯೋಕೆ ಒಂದು ಉಪಾಯ ಇದೆ. ನೀವು ಜಾಹೀರಾತು ಕೊಡದೇ ಇರೋ ಒಂದು ಮಾಧ್ಯಮದ ಹೆಸರು ಎಷ್ಟು ಸಲ ಬಂತು ಅಂತ ಎಣಿಸಿ. ನಮ್ಮ ಕನ್ನಡಕದ ಅಂಗಡಿಯವರು ರೇಡಿಯೋಗೆ ಜಾಹೀರಾತು ಕೊಟ್ಟೇ ಇಲ್ಲ. ಆದರೂ 9ನೇ ಅಂಕಿಯ ಪಕ್ಕ ಬರೆದ ಪದಗಳಲ್ಲಿ 'ರೇಡಿಯೋ' ಅಂತ ಮೂರು ತಿಂಗಳಲ್ಲಿ ಆರು ಸಲ ಸಿಗುತ್ತೆ. ಬೇರೆ ಯಾವುದೋ ಅಂಗಡಿಯ ಜಾಹೀರಾತು ಕೇಳಿ ಇದೇ ಅಂದುಕೊಂಡವರು ಅವರು. ಅಂದರೆ ಏನೂ ಖರ್ಚು ಮಾಡದೆಯೇ ಒಂದು ಮಾಧ್ಯಮಕ್ಕೆ ಆರು ಜನ ಬರ್ತಾರೆ! ಈ ಆರನ್ನ ಪಕ್ಕದಲ್ಲಿ ಇಟ್ಟುಕೊಂಡು ಉಳಿದ ಅಂಕಿ ನೋಡಬೇಕು.

ಈಗ ಮೂರು ತಿಂಗಳ ಲೆಕ್ಕ ತೆಗೀರಿ. ಪಾಂಪ್ಲೆಟ್ ನೋಡಿ ಬಂದವರು 38, ಸರಾಸರಿ ಬಿಲ್ 3,300. ಅಂಗಡಿಗೆ ಉಳಿದದ್ದು 56,430, ಖರ್ಚು 36,000. ತಪ್ಪು ನೆನಪಿನ ಆರು ಜನರನ್ನ ಕಳೆದು 32 ಅಂತ ಇಟ್ಟುಕೊಂಡರೂ 47,520 ಉಳಿಯುತ್ತೆ. ಅಂದರೆ ಪಾಂಪ್ಲೆಟ್ ಗಟ್ಟಿ. ಇನ್‌ಸ್ಟಾಗ್ರಾಮ್ ನೋಡಿ ಬಂದವರು 60, ಸರಾಸರಿ 1,150, ಉಳಿದದ್ದು 31,050, ಖರ್ಚು 27,000. ಆರು ಕಳೆದರೆ 27,945, ಸರಿಸಮ. ಮೊದಲ ತಿಂಗಳು 90 ರೂಪಾಯಿ ನಷ್ಟ ತೋರಿಸಿತ್ತಲ್ಲ, ಆಗಲೇ ನಿಲ್ಲಿಸಿದ್ದರೆ ತನ್ನ ಖರ್ಚನ್ನ ತಾನೇ ದುಡೀತಾ ಇರೋ ಜಾಹೀರಾತನ್ನ ಕಳಕೊಂಡಿರ್ತಿದ್ದರು. ಅಲ್ಲದೆ ಇದು ಮೊದಲ ಬಿಲ್‌ನ ಲೆಕ್ಕ ಮಾತ್ರ. ಕಾಲೇಜು ಹುಡುಗ ಎರಡು ವರ್ಷಕ್ಕೆ ಮತ್ತೆ ಬಂದರೆ ಅವನು 'ಹಳೆ' ಗಿರಾಕಿ, ಅವನಿಗೆ ಜಾಹೀರಾತು ಖರ್ಚು ಇಲ್ಲ.

ಆಟೋ ನೋಡಿ ಬಂದವರು ಮೂರು ತಿಂಗಳಲ್ಲಿ 8, ಸರಾಸರಿ ಬಿಲ್ 1,800. ಒಬ್ಬರಿಂದ ಅಂಗಡಿಗೆ ಉಳಿಯೋದು 810 ರೂಪಾಯಿ. ಖರ್ಚಾದ 24,000 ವಾಪಸ್ ಬರಬೇಕಾದರೆ 30 ಜನ ಬೇಕಿತ್ತು. ಬಂದಿದ್ದು ಎಂಟು, ಖರ್ಚೇ ಮಾಡದ ರೇಡಿಯೋಗೆ ಆರು. ಕೇಬಲ್‌ನಿಂದ 7, ಬೇಕಾಗಿದ್ದು 20. ಇವೆರಡೂ ರೇಡಿಯೋ ಪಕ್ಕದಲ್ಲೇ ನಿಂತಿವೆ.

ಆದರೂ ಒಂದು ಪ್ರಶ್ನೆ ಉಳಿಯುತ್ತೆ. ಆಟೋ ಹಿಂದೆ ದಿನಾ ಹೆಸರು ನೋಡಿ, ಒಂದು ದಿನ ಬೋರ್ಡ್ ಕಂಡಾಗ ಒಳಗೆ ಬಂದವನು "ಬೋರ್ಡ್ ನೋಡಿದೆ" ಅಂತಾನೆ. ಆಟೋದ ಕೆಲಸ ಬೋರ್ಡ್ ಲೆಕ್ಕಕ್ಕೆ ಹೋಗಿರಬಹುದಲ್ಲ? ಹೋಗಿರಬಹುದು. ಕೌಂಟರ್‌ನ ಪ್ರಶ್ನೆ ಇದಕ್ಕೆ ಉತ್ತರ ಕೊಡಲ್ಲ. ಗಿರಾಕಿ ಏನು ನೆನಪಿಟ್ಟಿದ್ದಾನೆ ಅಂತ ಅದು ಹೇಳುತ್ತೆ. ಆ ಜಾಹೀರಾತು ಇಲ್ಲದಿದ್ದರೂ ಅವನು ಬರ್ತಿದ್ದನಾ ಅಂತ ಹೇಳಲ್ಲ. ಜಾಹೀರಾತು ನೋಡಿಯೂ ಬರದವರು, ಬಂದು ಬೆಲೆ ಕೇಳಿ ಬಿಲ್ ಆಗದೇ ಹೋದವರು ಅದರ ಕಣ್ಣಿಗೆ ಬೀಳೋದೇ ಇಲ್ಲ.

ಅದಕ್ಕೆ ದಾರಿ ನಿಲ್ಲಿಸಿ ನೋಡೋದು. ಪಾಂಪ್ಲೆಟ್ ಆದರೆ ಸುಲಭ. ಒಂದು ತಿಂಗಳು ವಿದ್ಯಾನಗರಕ್ಕೆ ಮಾತ್ರ ಹಾಕಿಸಿ, ನಿಟುವಳ್ಳಿಗೆ ಬೇಡ. ಮರುತಿಂಗಳು ಅದಲುಬದಲು. ಕನ್ನಡಕದ ಆರ್ಡರ್ ಚೀಟಿಯಲ್ಲಿ ಬಡಾವಣೆ ಹೆಸರು ಹೇಗೂ ಇರುತ್ತೆ. ಪಾಂಪ್ಲೆಟ್ ಬಿದ್ದ ಕಡೆಯಿಂದ ಹೊಸ ಗಿರಾಕಿಗಳು ಜಾಸ್ತಿ ಬಂದರೆ ಅದು ಬಾಯಿಮಾತಲ್ಲ, ಕಾಲ್ನಡಿಗೆಯ ಸಾಕ್ಷಿ. ಆಟೋಗೆ ಇದು ನಡೆಯಲ್ಲ, ಅದು ಊರೆಲ್ಲ ಸುತ್ತುತ್ತೆ. ಅದನ್ನ ಪೂರ್ತಿ ನಿಲ್ಲಿಸಿ ಒಟ್ಟು ಹೊಸ ಗಿರಾಕಿಗಳು ಎಷ್ಟು ಅಂತ ನೋಡಬೇಕು. ಇಲ್ಲೂ ಮಿತಿ ಇದೆ. 270ರ ವರ್ಗಮೂಲದ ಎರಡರಷ್ಟು ಅಂದರೆ ಸುಮಾರು 33. ಆಟೋ ನಿಲ್ಲಿಸಿದ ತಿಂಗಳು ಹತ್ತು ಜನ ಕಡಿಮೆ ಬಂದರೆ, ಆಟೋದಿಂದ ಕಡಿಮೆಯಾಯ್ತಾ, ಮಳೆಯಿಂದ ಕಡಿಮೆಯಾಯ್ತಾ ಗೊತ್ತಾಗಲ್ಲ. ಆದರೆ ಬೋರ್ಡ್ ಅಂದವರ ಸಂಖ್ಯೆಯನ್ನ ಪ್ರತ್ಯೇಕ ನೋಡಬಹುದು. ಅದು ತಿಂಗಳಿಗೆ 62ರ ಸುತ್ತಮುತ್ತ ಇದ್ದದ್ದು ಆಟೋ ನಿಂತ ಮೇಲೂ ಅಲ್ಲೇ ಇದ್ದರೆ, ಆಟೋ ಅದರೊಳಗೆ ದೊಡ್ಡ ಕೆಲಸವನ್ನೇನೂ ಮಾಡ್ತಿರಲಿಲ್ಲ ಅಂತ ತಿಳಿಯಬಹುದು. 40ಕ್ಕೆ ಇಳಿದರೆ ಪೋಸ್ಟರ್‌ಗಳನ್ನ ವಾಪಸ್ ಅಂಟಿಸಿ.

ಹಬ್ಬದ ತಿಂಗಳು, ಶಾಲೆ ಶುರುವಾಗೋ ಜೂನ್ ತಿಂಗಳು ಇಂಥ ಪ್ರಯೋಗಕ್ಕೆ ಆರಿಸಬೇಡಿ. ಮಕ್ಕಳ ಕನ್ನಡಕಕ್ಕೆ ಆಗ ಹೇಗೂ ಜನ ಬರ್ತಾರೆ, ಜಾಹೀರಾತು ಸತ್ತಿದ್ದರೂ ಬದುಕಿರೋ ಹಾಗೆ ಕಾಣುತ್ತೆ.

ಕೊನೆಗೆ ನಮ್ಮ ಅಂಗಡಿ ಮಾಲೀಕರು ಏನು ಮಾಡಬೇಕು? ಪಾಂಪ್ಲೆಟ್ ಮುಂದುವರಿಸೋದು. ಇನ್‌ಸ್ಟಾಗ್ರಾಮ್ ಇದ್ದಷ್ಟೇ ಇಡೋದು, ಏರಿಸೋದು ಬೇಡ. ಕೇಬಲ್ ಮತ್ತು ಆಟೋ ಎರಡನ್ನೂ ಒಟ್ಟಿಗೆ ನಿಲ್ಲಿಸಬಾರದು, ಒಟ್ಟಿಗೆ ನಿಲ್ಲಿಸಿದರೆ ಯಾವುದರ ಪರಿಣಾಮ ಅಂತ ತಿಳಿಯಲ್ಲ. ಮೊದಲು ಆಟೋ ಎರಡು ತಿಂಗಳು, ಆಮೇಲೆ ಕೇಬಲ್ ಎರಡು ತಿಂಗಳು. ಉಳಿದ ದುಡ್ಡಲ್ಲಿ ಮೊದಲ ಕೆಲಸ ಬೋರ್ಡ್‌ಗೆ ಒಳ್ಳೆ ಲೈಟ್ ಹಾಕಿಸೋದು. 62 ಜನ ಅದನ್ನ ನೋಡಿಯೇ ಬಂದವರು, ಅದಕ್ಕೆ ಅವರು ತಿಂಗಳ ಖರ್ಚಿನ ಪಟ್ಟಿಯಲ್ಲಿ ಒಂದು ರೂಪಾಯಿಯನ್ನೂ ಇಟ್ಟಿರಲಿಲ್ಲ. ಈ ನಾಲ್ಕು ತಿಂಗಳೂ ಕೌಂಟರ್‌ನಲ್ಲಿ ಅದೇ ಪ್ರಶ್ನೆ, ಅದೇ ಪದಗಳಲ್ಲಿ ನಡೀತಾ ಇರಬೇಕು.

ಮುಂದಿನ ಸಲ ಕೇಬಲ್‌ನವರೋ, ನಮ್ಮಂಥ ಚಾನೆಲ್‌ನವರೋ ಜಾಹೀರಾತು ಕೇಳೋಕೆ ಬಂದು ಲಕ್ಷಾಂತರ ಜನ ನೋಡ್ತಾರೆ ಅಂದಾಗ, ಮಾಲೀಕರು ಆ ಲಕ್ಷವನ್ನ ಅಲ್ಲಗಳೆಯಬೇಕಾಗಿಲ್ಲ. ತಮ್ಮ ಹಾಳೆ ತೆಗೆದು ಆರನೇ ಅಂಕಿಯ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದರೆ ಸಾಕು: ಮೂರು ತಿಂಗಳು, 18,000 ರೂಪಾಯಿ, ಏಳು ಜನ. ದರದ ಮಾತು ಅಲ್ಲಿಂದ ಶುರುವಾಗಲಿ.